ದೂರಿನ ಇಮೇಲ್: ಒಂದು ಪಾಠ

ಮಗಳ ಮಸುಕಾದ ಭಾವಚಿತ್ರವನ್ನು ತಿಳಿಗೊಳಿಸಲೆಂದು ನಾವು ಒಂದು ಆ್ಯಪ್‌ಗೆ ಒಪ್ಪಿಸಿದೆವು. ಹಾಲುಹಲ್ಲು ಬಿದ್ದೆಡೆಯಲ್ಲಿ ಅದು ದೊಡ್ಡವರ ಹಲ್ಲನ್ನು ಕೂರಿಸಿತು, ಮುಖವೇ ಬೇರೆಯಾಯಿತು. ಒಡನೆ ಆ್ಯಪನ್ನು ಅಳಿಸಿದೆವು. ಆದರೂ ಉಚಿತಾವಧಿ ಮುಗಿದೊಡನೆ 499 ರೂಪಾಯಿ ಚಂದಾ ಕಡಿತವಾಯಿತು. ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲದು; ಪ್ಲೇ ಸ್ಟೋರಿನಲ್ಲಿ ಅದನ್ನು ಬೇರೆಯಾಗಿ ರದ್ದುಪಡಿಸಬೇಕು. ಮೊದಲು ಅದನ್ನು ಮಾಡಿ, ಬಳಿಕ ಹೀಗೆ ಬರೆದೆವು:

“ಮಾನ್ಯರೇ, ರಸೀದಿಯಲ್ಲಿ GPA ಎಂದು ಮೊದಲಾಗುವ ಆದೇಶಸಂಖ್ಯೆಯನ್ನು ಕೆಳಗೆ ಕೊಟ್ಟಿದ್ದೇವೆ. ನಿಮ್ಮ ಆ್ಯಪ್ ಮಗುವಿಗೆ ಇಲ್ಲದ ಹಲ್ಲನ್ನು ಸೇರಿಸಿದೆ. ಚಂದಾದ ಮೊತ್ತವು ಓದಲಾಗದಷ್ಟು ಸಣ್ಣಕ್ಷರದಲ್ಲಿತ್ತು. ಹಣವನ್ನು ಮರಳಿಸಿರಿ, ಎರಡೂ ಚಿತ್ರಗಳನ್ನು ನಿಮ್ಮ ಸರ್ವರಿನಿಂದ ಅಳಿಸಿ, ಅಳಿಸಿದುದನ್ನು ಬರೆದು ತಿಳಿಸಿರಿ.”

ಚಿತ್ರವನ್ನು ನಾವು ಲಗತ್ತಿಸಲಿಲ್ಲ. ಅಳಿಸಿರೆಂದು ಕೇಳುವ ಚಿತ್ರವನ್ನೇ ಮತ್ತೆ ಕಳುಹಿಸುವುದು ಸಲ್ಲದು. ದೋಷವನ್ನು ಮಾತಿನಲ್ಲಿ ವಿವರಿಸಿದರೆ ಸಾಕು. ಹಣ ಮರಳಿತು; ಚಿತ್ರದ ಮಾತಿಗೆ ಉತ್ತರ ಬಾರದಿರಲು, ಅದೊಂದನ್ನೇ ಕೇಳಿ ಮತ್ತೆ ಬರೆದೆವು.