ಮಿಲ್ಲಿಂಗ್ ಕೈಪಿಡಿ ಅನುವಾದಿಸುವವರಿಗೆ

ಸಿಎನ್‌ಸಿ ಮಿಲ್ಲಿಂಗ್ ಯಂತ್ರದ ಪ್ರೋಗ್ರಾಮಿಂಗ್ ಕೈಪಿಡಿಯನ್ನು ಕನ್ನಡಕ್ಕೆ ತರುವಾಗ ಮೊದಲು ಅಕ್ಷಗಳ ದಿಕ್ಕನ್ನು ಗಟ್ಟಿ ಮಾಡಿಕೊಳ್ಳಿ. `X+` ಎಂದರೆ ಜಾಬ್‌ಗೆ ಹೋಲಿಸಿದಂತೆ ಕಟರ್ ಬಲಕ್ಕೆ ಹೋಗಬೇಕು ಎಂದರ್ಥ. ಟೇಬಲ್ಲೇ ಚಲಿಸುವ ಯಂತ್ರದಲ್ಲಿ ಅದಕ್ಕಾಗಿ ಟೇಬಲ್ ಎಡಕ್ಕೆ ಸರಿಯುತ್ತದೆ. ಯಂತ್ರದ ಮುಂದೆ ನಿಂತು ನೋಡಿದ್ದನ್ನೇ ನಂಬಿ ‘ಟೇಬಲ್ ಎಡಕ್ಕೆ’ ಎಂದು ತಿದ್ದಬೇಡಿ. ‘ಕಟರ್’ ಎಂಬ ಕರ್ತೃಪದವನ್ನು ಪ್ರತಿ ವಾಕ್ಯದಲ್ಲೂ ಉಳಿಸಿ, ಓದುವಾಗ ತುಸು ಭಾರವೆನಿಸಿದರೂ ಸರಿ.

ಇನ್ನು ಕೋಡ್. ಈ ಸಾಲುಗಳನ್ನು ನೋಡಿ:

```
G90 G00 X50. Y0.
G43 H01 Z5. (TOOL 1)
G01 Z-2. F100
```

`X50.` ಎಂಬುದರ ಕೊನೆಯ ಚುಕ್ಕಿ ಪೂರ್ಣವಿರಾಮವಲ್ಲ, ದಶಮಾಂಶ ಬಿಂದು. ಅದು ಬಿಟ್ಟುಹೋದರೆ, ಮೈಕ್ರಾನ್ ಲೆಕ್ಕಕ್ಕೆ ಹೊಂದಿಸಿದ ಕಂಟ್ರೋಲರ್ 50 ಮಿಲಿಮೀಟರಿನ ಬದಲು 0.050 ಎಂದು ಓದುತ್ತದೆ. ಪುಟ ವಿನ್ಯಾಸ ಮಾಡುವವರು ಇಂಥ ಚುಕ್ಕಿಗಳನ್ನು ಅಳಿಸುವುದುಂಟು. ಕರಡು ತಿದ್ದುವಾಗ ಮೂಲದ ಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಿ.

ಆವರಣದೊಳಗಿನ ಟಿಪ್ಪಣಿಯನ್ನು ಯಂತ್ರ ಪಾಲಿಸುವುದಿಲ್ಲ, ಆದರೆ ಅದರ ಅಕ್ಷರಗಳನ್ನು ಓದಲೇಬೇಕು. ಎಷ್ಟೋ ಕಂಟ್ರೋಲರ್‌ಗಳಿಗೆ ಕನ್ನಡ ಲಿಪಿ ತಿಳಿಯದು. ಹಾಗಾಗಿ `(TOOL 1)` ಇದ್ದಂತೆಯೇ ಇರಲಿ. ‘ಒಂದನೇ ಟೂಲ್‌ನ ಉದ್ದದ ಸರಿಪಡಿಕೆ ಇಲ್ಲಿ ಜಾರಿಗೆ ಬರುತ್ತದೆ’ ಎಂಬ ವಿವರಣೆಯನ್ನು ಕೋಡಿನ ಕೆಳಗೆ, ಸಾಲಿನ ಗುರುತು ಕೊಟ್ಟು ಬರೆಯಿರಿ. ಟಿಪ್ಪಣಿಯೊಳಗೆ ಇನ್ನೊಂದು ಆವರಣ ಹಾಕಲೇಬೇಡಿ. ಮೊದಲ ಮುಚ್ಚುವ ಚಿಹ್ನೆಗೇ ಟಿಪ್ಪಣಿ ಮುಗಿಯಿತೆಂದು ಬಗೆದು, ಉಳಿದ ಮಾತನ್ನು ಆದೇಶವೆಂದು ಓದಲು ಹೋಗಿ ಕಂಟ್ರೋಲರ್ ಅಲಾರಂ ಕೊಡಬಹುದು.