ಧರ್ಮಸಂಕಟದ ಕಾರ್ಡು: ಕಲಿಸುವವರಿಗೊಂದು ಕಿವಿಮಾತು

ಎರಡು ಒಳ್ಳೆಯ ಮೌಲ್ಯಗಳು ಪರಸ್ಪರ ಎದುರಾಗುವ ಪ್ರಸಂಗವನ್ನೂ ಅದರಲ್ಲಿ ಒಬ್ಬರು ಕೈಗೊಂಡ ನಿರ್ಧಾರವನ್ನೂ ನಾಲ್ಕೈದು ವಾಕ್ಯಗಳಲ್ಲಿ ಹೇಳುವ ಚೀಟಿಯೇ ಧರ್ಮಸಂಕಟದ ಕಾರ್ಡು. ಮಗುವಿನ ಜ್ವರದಿಂದಾಗಿ ತಡವಾಗಿ ಬಂದ ಕೆಲಸಗಾರ್ತಿಗೆ ಅರ್ಧ ದಿನದ ಸಂಬಳ ಕಡಿತವಾಗದಿರಲೆಂದು ಗಾರ್ಮೆಂಟ್ ಕಾರ್ಖಾನೆಯ ಸೂಪರ್‌ವೈಸರ್ ಹಾಜರಿ ಪುಸ್ತಕದಲ್ಲಿ ಸುಳ್ಳು ಸಮಯ ಬರೆದಳು ಎಂಬುದು ಅಂಥದೊಂದು ಕಾರ್ಡು. ಇಲ್ಲಿ ಕರುಣೆಗೂ ಪ್ರಾಮಾಣಿಕತೆಗೂ ತಿಕ್ಕಾಟವಿದೆ.

ಜರ್ಮನಿಯ ಮನೋವಿಜ್ಞಾನಿ ಗೇಯಾರ್ಗ್ ಲಿಂಡ್ ರೂಪಿಸಿದ ಕ್ರಮದಲ್ಲಿ ಇಂಥ ಚರ್ಚೆಗೆ ಸುಮಾರು 90 ನಿಮಿಷ ಬೇಕಾಗುತ್ತದೆ. ಕಾರ್ಡನ್ನು ಓದಿ, ಸಂಕಟವೇನೆಂದು ಗುರುತಿಸಿದ ಮೇಲೆ, ಸೂಪರ್‌ವೈಸರ್ ಮಾಡಿದ್ದು ಸರಿಯೇ ಎಂದು ಕೈಯೆತ್ತಿಸಿ ಎರಡು ಬಣ ಮಾಡಬೇಕು. ಪ್ರತಿ ಬಣವೂ ಮೂರು-ನಾಲ್ಕು ಜನರ ಗುಂಪುಗಳಲ್ಲಿ ಕಾರಣಗಳನ್ನು ಕಲೆಹಾಕಿದ ನಂತರ ವಾದ ನಡೆಯಬೇಕು. ಮಾತು ಮುಗಿಸಿದವರೇ ಎದುರು ಬಣದಿಂದ ಮುಂದಿನವರನ್ನು ಕರೆಯಬೇಕು, ಯಾರೂ ವ್ಯಕ್ತಿಯನ್ನು ಹಳಿಯಬಾರದು. ಕೊನೆಗೆ ಎದುರು ಬಣದ ಅತ್ಯುತ್ತಮ ಕಾರಣವನ್ನು ಪ್ರತಿಯೊಬ್ಬರೂ ಹೆಸರಿಸಿದ ಬಳಿಕ ಮತ್ತೆ ಕೈಯೆತ್ತಿಸಬೇಕು.

“ಮ್ಯಾನೇಜರನ್ನೇ ಕೇಳಬಹುದಿತ್ತಲ್ಲ” ಎಂದು ಕಲಿಯುವವರು ಕಥೆಯನ್ನೇ ತಿದ್ದತೊಡಗಿದರೆ, ಅವರು ಸಂಕಟದಿಂದ ನುಣುಚಿಕೊಳ್ಳುತ್ತಿದ್ದಾರೆಂದು ತಿಳಿದು, ಕಾರ್ಡಿನಲ್ಲಿರುವ ನಿರ್ಧಾರಕ್ಕೇ ಅವರನ್ನು ಮರಳಿಸಬೇಕು. ಮನೆಯ ವಿಷಯದ ಕಾರ್ಡು ಹಾಜರಿರುವ ಯಾರದೇ ಸಂಸಾರವನ್ನು ಹೋಲಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಸುವವರು ತಮ್ಮ ತೀರ್ಪನ್ನು ಕೊನೆಯವರೆಗೂ ಹೇಳದಿರಲಿ.