ಒಡವೆ ವಾಪಸ್ ಕೊಟ್ಟರೆ ಕೈಗೆ ಎಷ್ಟು ಬರುತ್ತೆ?



ಕಬ್ಬಿನ ದುಡ್ಡು ಕೈಗೆ ಬಂದಾಗ, ಮಗಳ ಮದುವೆ ಗೊತ್ತಾದಾಗ ನಾವು ಒಡವೆ ಅಂಗಡಿಗೆ ಹೋಗುತ್ತೇವೆ. ಮಂಡ್ಯಕ್ಕೆ ಹೋಗಬಹುದು. ಮದ್ದೂರು, ಮಳವಳ್ಳಿ ಪೇಟೆಗೂ ಹೋಗಬಹುದು. ಅಂಗಡಿಯವರು ಹೀಗೆ ಹೇಳುತ್ತಾರೆ: "ಧೈರ್ಯವಾಗಿ ತಗೊಳ್ಳಿ ಅಮ್ಮ. ಯಾವಾಗ ಬೇಕಾದರೂ ವಾಪಸ್ ತನ್ನಿ. ನೂರಕ್ಕೆ ನೂರು ಕೊಡ್ತೀವಿ."

ನೂರಕ್ಕೆ ನೂರು ಅಂದರೆ ಯಾವುದಕ್ಕೆ ನೂರು? ನಾವು ಕೊಟ್ಟ ಹಣಕ್ಕೋ? ಒಡವೆಯಲ್ಲಿರುವ ಚಿನ್ನಕ್ಕೋ? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಎರಡು ಮಾತು, ಎರಡು ಅರ್ಥ

ಎಕ್ಸ್‌ಚೇಂಜ್ ಅಂದರೆ ಬದಲಾವಣೆ. ಹಳೆ ಒಡವೆ ಕೊಟ್ಟು ಅದೇ ಅಂಗಡಿಯಲ್ಲಿ ಹೊಸ ಒಡವೆ ತಗೊಳ್ಳಬೇಕು. ಹಣ ಕೈಗೆ ಬರುವುದಿಲ್ಲ.

ಬೈಬ್ಯಾಕ್ ಅಂದರೆ ಅಂಗಡಿಯವರೇ ಒಡವೆಯನ್ನು ವಾಪಸ್ ಕೊಳ್ಳುವುದು. ಆಗ ಹಣ ಬರುತ್ತದೆ. ಆದರೆ ಸಾಮಾನ್ಯವಾಗಿ ಬೈಬ್ಯಾಕಿನಲ್ಲಿ ಕಡಿತ ಹೆಚ್ಚು.

"ವಾಪಸ್ ತಗೋತೀವಿ" ಅಂತ ಬಾಯಲ್ಲಿ ಹೇಳಿದರೆ ಇವೆರಡರಲ್ಲಿ ಯಾವುದು ಅಂತ ಗೊತ್ತಾಗುವುದಿಲ್ಲ. ಒಡವೆಯನ್ನು ಇಷ್ಟಕ್ಕೇ ವಾಪಸ್ ಕೊಳ್ಳಬೇಕು ಅಂತ ಸರ್ಕಾರದ ಕಾನೂನು ಇಲ್ಲ. ಇದು ಅಂಗಡಿಯವರು ಕೊಡುವ ಮಾತು. ಅದಕ್ಕೇ ಆ ಮಾತು ಬರಹದಲ್ಲಿ ಇರಬೇಕು.

ಒಂದು ಲೆಕ್ಕ ನೋಡೋಣ

ಮಳವಳ್ಳಿ ಕಡೆಯ ಒಬ್ಬ ತಾಯಿ ಮಗಳಿಗೆ ಹರಳಿನ ನೆಕ್ಲೇಸ್ ತಂದಳು ಅಂದುಕೊಳ್ಳಿ. ಒಟ್ಟು ತೂಕ 20 ಗ್ರಾಂ. ಅದರಲ್ಲಿ ಹರಳು 2 ಗ್ರಾಂ. ಉಳಿದ 18 ಗ್ರಾಂ ಚಿನ್ನ. ಇದಕ್ಕೆ ನಿವ್ವಳ ತೂಕ ಅನ್ನುತ್ತಾರೆ. ಅಂಗಡಿಯಲ್ಲಿ ನೆಟ್ ವೆಯಿಟ್ ಅನ್ನುತ್ತಾರೆ.

ಚಿನ್ನದ ದರ ದಿನಾ ಬದಲಾಗುತ್ತೆ. ಲೆಕ್ಕ ಸುಲಭವಾಗಲಿ ಅಂತ 1 ಗ್ರಾಂಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಬಿಲ್ಲು ಹೀಗಿದೆ:

ಚಿನ್ನ 18 ಗ್ರಾಂ – 1,80,000 ರೂ.
ವೇಸ್ಟೇಜ್, ಮಜೂರಿ (100ಕ್ಕೆ 10) – 18,000 ರೂ.
ಹರಳು – 2,000 ರೂ.
ಜಿಎಸ್‌ಟಿ ತೆರಿಗೆ (100ಕ್ಕೆ 3) – 6,000 ರೂ.
ಒಟ್ಟು – 2,06,000 ರೂ.

ಒಂದು ವರ್ಷ ಆಯಿತು. ಮನೆಗೆ ಕಷ್ಟ ಬಂತು. ತಾಯಿ ನೆಕ್ಲೇಸನ್ನು ಅದೇ ಅಂಗಡಿಗೆ ತಂದಳು. ದರ ಅಷ್ಟೇ ಇದೆ.

"ನೂರಕ್ಕೆ ನೂರು ಅಂದಿದ್ರಲ್ಲ? 2,06,000 ಕೊಡಿ" ಅಂದಳು.

"ಅದು ಎಕ್ಸ್‌ಚೇಂಜಿಗೆ ಅಮ್ಮ. ಅದೂ ಚಿನ್ನದ ಬೆಲೆಗೆ ಮಾತ್ರ. ಹಣ ಬೇಕು ಅಂದರೆ ನೂರಕ್ಕೆ ಐದು ಕಡಿತ ಇದೆ. ಕಾರ್ಡಿನ ಹಿಂದೆ ಬರೆದಿದೆ ನೋಡಿ" ಅಂದರು ಅಂಗಡಿಯವರು.

ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಈಗ ಲೆಕ್ಕ ಹಾಕಿ. ಚಿನ್ನ 18 ಗ್ರಾಂ. ಬೆಲೆ 1,80,000. ನೂರಕ್ಕೆ ಐದರಂತೆ 9,000 ಕಡಿತ. ಕೈಗೆ ಬಂದದ್ದು 1,71,000 ರೂಪಾಯಿ. ಕೊಟ್ಟದ್ದು 2,06,000. ನಷ್ಟ 35,000.

ಬದಲಾವಣೆ ಮಾಡಿದ್ದರೆ 1,80,000 ಪೂರ್ತಿ ಸಿಗುತ್ತಿತ್ತು. ಆದರೆ ಅಂಥದೇ ಹೊಸ ನೆಕ್ಲೇಸಿಗೆ ಮತ್ತೆ 2,06,000. ಮಜೂರಿ, ಹರಳು, ತೆರಿಗೆ ಎಲ್ಲಾ ಎರಡನೇ ಸಲ ಕೊಡಬೇಕು. ಕೈಯಿಂದ 26,000 ಹಾಕಬೇಕು.

ದರ ಏರಿದ್ದರೆ? 1 ಗ್ರಾಂಗೆ 11,000 ಆಗಿದ್ದರೂ 18 ಗ್ರಾಂಗೆ 1,98,000 ಆಗುತ್ತೆ. ಕಡಿತ ಇಲ್ಲದಿದ್ದರೂ ಕೊಟ್ಟ ಹಣ ಪೂರ್ತಿ ಬರುವುದಿಲ್ಲ.

ಇಲ್ಲಿ ಅಂಗಡಿಯವರು ಸುಳ್ಳು ಹೇಳಲಿಲ್ಲ. ಅವರು ಹೇಳಿದ ನೂರು ಚಿನ್ನದ ಬೆಲೆಗೆ. ತಾಯಿ ತಿಳಿದ ನೂರು ಕೊಟ್ಟ ಹಣಕ್ಕೆ. ಕೆತ್ತನೆ ಕೆಲಸ, ಹರಳು ಹೆಚ್ಚಿದ್ದಷ್ಟೂ ಈ ನಷ್ಟ ಹೆಚ್ಚು. ಕಷ್ಟಕ್ಕೆ ಆಗಲಿ ಅಂತ ಚಿನ್ನ ಕೊಳ್ಳುವವರಿಗೆ ಕಡಿಮೆ ಮಜೂರಿಯ ಸಾದಾ ಸರ, ಸಾದಾ ಬಳೆ ವಾಸಿ.

ಹರಳಿನ ತೂಕದಲ್ಲಿ ಮೋಸ

ಕೆಲವು ಕಡೆ ಮಾರುವಾಗ ಹರಳನ್ನೂ ಅರಗನ್ನೂ ಚಿನ್ನದ ಜೊತೆ ತೂಗುತ್ತಾರೆ. 20 ಗ್ರಾಂಗೂ ಚಿನ್ನದ ದರ ಹಾಕುತ್ತಾರೆ. ವಾಪಸ್ ತಂದಾಗ ಮಾತ್ರ "ಚಿನ್ನ 18 ಗ್ರಾಂ ಅಷ್ಟೇ" ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಇದೊಂದರಿಂದಲೇ 20,000 ರೂಪಾಯಿ ಹೋಯಿತು.

ಇದನ್ನು ಬಿಲ್ಲಿನಲ್ಲೇ ಕಂಡುಹಿಡಿಯಬಹುದು. ಹರಳಿನ ಒಡವೆಗೆ ಒಟ್ಟು ತೂಕ, ನಿವ್ವಳ ತೂಕ ಎರಡೂ ಬೇರೆ ಬೇರೆ ಇರಬೇಕು. ಎರಡೂ ಒಂದೇ ಆಗಿದ್ದರೆ ಅಲ್ಲೇ ಕೇಳಿ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ನಿವ್ವಳ ತೂಕ ಮತ್ತು ಎಷ್ಟು ಕ್ಯಾರೆಟ್ ಅಂತ ಬರೆಯಲೇಬೇಕು. ಇದು ನಿಯಮ.

ಬಿಲ್ಲು ಇಲ್ಲದಿದ್ದರೆ

ಬಿಲ್ಲು ಕಳೆದುಹೋದರೆ ಅದೇ ಅಂಗಡಿಯವರೂ "ಇದು ನಮ್ಮದು ಅಂತ ಹೇಗೆ ನಂಬೋದು?" ಅನ್ನಬಹುದು. ಬೇರೆ ಅಂಗಡಿಯ ಚಿನ್ನದ ಲೆಕ್ಕ ಹಾಕುತ್ತಾರೆ. ಅದಕ್ಕೆ ಕಡಿತ ಹೆಚ್ಚು. ಒಡವೆ ಕರಗಿಸಿ ನೋಡಬೇಕು ಅನ್ನಬಹುದು.

ಕರಗಿಸಿದ ಮೇಲೆ ಒಡವೆ ಒಡವೆಯಾಗಿ ಉಳಿಯುವುದಿಲ್ಲ. ಅದಕ್ಕೆ ಮೊದಲೇ ದರ ಕೇಳಿ, ಕಡಿತ ಕೇಳಿ, ಚೀಟಿಯಲ್ಲಿ ಬರೆಸಿ. ಒಪ್ಪಿಗೆ ಆದರೆ ಮಾತ್ರ ಕರಗಿಸಲು ಬಿಡಿ. ಕಣ್ಣೆದುರಿಗೇ ಕರಗಿಸಲಿ, ಕಣ್ಣೆದುರಿಗೇ ತೂಗಲಿ.

ಈಗಿನ ಒಡವೆ ಮೇಲೆ ಹಾಲ್‌ಮಾರ್ಕ್ ಗುರುತು ಇರುತ್ತೆ. 22 ಕ್ಯಾರೆಟ್ ಚಿನ್ನಕ್ಕೆ 916 ಅಂತ ಇರುತ್ತೆ. ಅಂದರೆ ಸಾವಿರ ಪಾಲಿನಲ್ಲಿ 916 ಪಾಲು ಶುದ್ಧ ಚಿನ್ನ. ಜೊತೆಗೆ ಅಕ್ಷರ, ಅಂಕಿ ಸೇರಿ ಆರರ ಒಂದು ಗುರುತು ಇರುತ್ತೆ. ಹಾಲ್‌ಮಾರ್ಕ್ ಒಡವೆಗೆ ಈ ಗುರುತು 2023ರ ಏಪ್ರಿಲ್ 1ರಿಂದ ಕಡ್ಡಾಯ. ಒಂದೊಂದು ಒಡವೆಗೂ ಬೇರೆ ಬೇರೆ ಗುರುತು. ಈ ಗುರುತಿದ್ದರೆ "ಚಿನ್ನ ಕಳಪೆ" ಅಂತ ಸುಮ್ಮನೆ ಹೇಳಿ ಬೆಲೆ ಇಳಿಸುವುದು ಕಷ್ಟ.

ಕೊಳ್ಳುವ ದಿನವೇ ಕೇಳಿ

1. ಹಣ ಬೇಕೆಂದರೆ ಕಡಿತ ಎಷ್ಟು? ಬದಲಾವಣೆಗೆ ಎಷ್ಟು?
2. ಯಾವ ದರ ಹಾಕುತ್ತೀರಿ? ಆ ದಿನ ನೀವು ಮಾರುವ ದರವೋ, ಕೊಳ್ಳುವ ದರವೋ? ಕೊಳ್ಳುವ ದರ ಕಡಿಮೆ ಇರುತ್ತೆ.
3. ಹರಳಿಗೆ ಏನಾದರೂ ವಾಪಸ್ ಬರುತ್ತಾ?
4. ಇದಕ್ಕೆ ಇಂತಿಷ್ಟು ದಿನ ಅಂತ ಗಡುವು ಇದೆಯಾ?

ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿ ಸಹಿ, ಮೊಹರು ಹಾಕಿಸಿ. ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ. ದೊಡ್ಡ ಮೊತ್ತವನ್ನು ಅಂಗಡಿಯವರು ಸಾಮಾನ್ಯವಾಗಿ ಬ್ಯಾಂಕಿಗೆ ಹಾಕುತ್ತಾರೆ. ಆಗ ಹಣ ನಿಮ್ಮ ಖಾತೆಗೇ ಬರುತ್ತೆ.

ಬರೆದುಕೊಟ್ಟ ಮಾತಿಗೆ ಅಂಗಡಿಯವರು ತಪ್ಪಿದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮಂಡ್ಯದಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಅಲ್ಲಿ ದೂರು ಕೊಡಬಹುದು. ಎರಡಕ್ಕೂ ಬಿಲ್ಲು ಬೇಕು.

ಲೆಕ್ಕ ಮಾಡಿ

ಒಂದು ಜೊತೆ ಜುಮುಕಿ. ಒಟ್ಟು ತೂಕ 12 ಗ್ರಾಂ. ಹರಳು 2 ಗ್ರಾಂ. ದರ 1 ಗ್ರಾಂಗೆ 10,000 ರೂಪಾಯಿ. ಬೈಬ್ಯಾಕಿನಲ್ಲಿ ನೂರಕ್ಕೆ 5 ಕಡಿತ. ಕೈಗೆ ಎಷ್ಟು ಬರುತ್ತೆ?

(ಉತ್ತರ: 95,000 ರೂಪಾಯಿ)

ಓದಿ ನೋಡಿ

ಮನೆಯಲ್ಲಿರುವ ಒಡವೆ ಬಿಲ್ಲು ತನ್ನಿ. ಅದರಲ್ಲಿ ನಿವ್ವಳ ತೂಕ ಎಲ್ಲಿದೆ? ಮಜೂರಿ ಎಷ್ಟು? ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ? ಎಲ್ಲರೂ ಕೂಡಿ ಓದಿ.